ಮಂಜಿನ ಬೆಳಗಿನ ಮೂರು ಮೆಟಾರ್

ಬೆಂಗಳೂರಿನ ಚಳಿಗಾಲದ ಬೆಳಗು ಮೆಟಾರ್, ಅಂದರೆ ವಿಮಾನ ನಿಲ್ದಾಣದ ಹವಾಮಾನ ವರದಿ, ಓದಲು ಕಲಿಯುವವರಿಗೆ ಒಳ್ಳೆಯ ಪಾಠ. ಆರೂವರೆಗೆ ದಟ್ಟ ಮಂಜು, ಒಂಬತ್ತೂವರೆಗೆ ರಸ್ತೆಯೆಲ್ಲ ನಿಚ್ಚಳ, ಮಧ್ಯಾಹ್ನಕ್ಕೆ ಬಿಸಿಲು, ಗಾಳಿ. ಅಂಥ ಒಂದು ದಿನದಲ್ಲಿ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ, ಅಂದರೆ VOBL ನಿಂದ, ಬರುವಂಥ ಮೂರು ವರದಿಗಳನ್ನು ಇಲ್ಲಿ ಬಿಡಿಸಿ ನೋಡೋಣ. ಸಾಲುಗಳು ಮಾದರಿಗೆ ಹೆಣೆದವು, ಆದರೆ ಜನವರಿಯಲ್ಲಿ ನಿಜವಾಗಿ ಕಾಣುವ ಕ್ರಮದಲ್ಲೇ ಇವೆ.

```
METAR VOBL 120100Z 09004KT 0800 R09L/1200U FG
SCT002 BKN010 17/17 Q1017 BECMG FM0230 3000 BR
```

ಮೊದಲು ಸಮಯ. `120100Z` ಅಂದರೆ 12ನೇ ತಾರೀಕು, ಯುಟಿಸಿ 01:00. ಇದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ 6:30. ನಮ್ಮ ಬೆಳಗಿನ 5:30ಕ್ಕೆ ಮುಂಚಿನ ವರದಿಯಲ್ಲಿ ತಾರೀಕೂ ಹಿಂದಿನ ದಿನದ್ದೇ ಇರುತ್ತದೆ. ಬೆಳಗಿನ ಜಾವ ಎದ್ದು `112330Z` ನೋಡಿ ಹಳೆಯ ವರದಿ ಎಂದು ಬಿಟ್ಟುಬಿಡುವವರಿದ್ದಾರೆ. ಅದು 12ರ ಬೆಳಿಗ್ಗೆ 5 ಗಂಟೆಯ ತಾಜಾ ವರದಿ.

`09004KT`: ಗಾಳಿ 90 ಡಿಗ್ರಿಯಿಂದ, ಅಂದರೆ ಪೂರ್ವದಿಂದ ಬೀಸುತ್ತಿದೆ, ವೇಗ 4 ನಾಟ್. ದಿಕ್ಕು ಯಾವಾಗಲೂ ಗಾಳಿ ಬರುವ ಕಡೆಯದು. ಇದು ಹತ್ತು ನಿಮಿಷದ ಸರಾಸರಿ, ದಿಕ್ಕನ್ನು ನಿಜವಾದ ಉತ್ತರದಿಂದ ಅಳೆದದ್ದು. ಟವರ್ ಬಾಯಲ್ಲಿ ಹೇಳುವ ಗಾಳಿ ಎರಡು ನಿಮಿಷದ್ದು, ಕಾಂತೀಯ ಉತ್ತರದಿಂದ ಅಳೆದದ್ದು. ಬೆಂಗಳೂರಿನಲ್ಲಿ ಎರಡು ಉತ್ತರಗಳ ನಡುವೆ ಅಂತರ ತೀರ ಸಣ್ಣದು, ಆದ್ದರಿಂದ ದಿಕ್ಕಿನ ತಲೆನೋವಿಲ್ಲ. ಆದರೆ ಇಳಿಯುವ ಹೊತ್ತಿಗೆ ನಂಬಬೇಕಾದದ್ದು ಟವರ್ ಹೇಳುವ ಗಾಳಿಯನ್ನೇ.

ಮುಂದಿನ `0800` ಗೋಚರತೆ, ಮೀಟರಿನಲ್ಲಿ. ಒಂದು ಕಿ.ಮೀ.ಗಿಂತ ಕಡಿಮೆಯಾದ್ದರಿಂದ `FG`, ಮಂಜು. ಸಾವಿರದಿಂದ ಐದು ಸಾವಿರ ಮೀಟರಿನೊಳಗೆ ತೇವದಿಂದ ಮಸುಕಾಗಿದ್ದರೆ ಅದು `BR`, ತೆಳುಮಂಜು. ಒಣ ಧೂಳುಹೊಗೆಯ ಮಸುಕಾದರೆ `HZ`. ನಡುವಿನ `R09L/1200U` ಹಲವರನ್ನು ಗೊಂದಲಕ್ಕೆ ತಳ್ಳುತ್ತದೆ: 800 ಮೀಟರ್ ಮಾತ್ರ ಕಾಣುವಾಗ ರನ್‌ವೇ ಮೇಲೆ 1200 ಹೇಗೆ? ರನ್‌ವೇ ಗೋಚರತೆಯ ಲೆಕ್ಕದಲ್ಲಿ ರನ್‌ವೇ ದೀಪಗಳ ಪ್ರಖರತೆಯೂ ಸೇರುತ್ತದೆ, ಬೆಳಗುವ ದೀಪ ಮಂಜಿನಲ್ಲಿ ಗಿಡಮರಗಳಿಗಿಂತ ದೂರದಿಂದ ಕಾಣುತ್ತದೆ. ಕೊನೆಯ `U` ಅಂದರೆ ಅದು ಏರುತ್ತಿದೆ.

ಸಾಲಿನ ಕೊನೆಯದು ಮುಂದಿನ ಎರಡು ಗಂಟೆಯ ಅಂದಾಜು: ನಮ್ಮ 8 ಗಂಟೆಯಿಂದ ಗೋಚರತೆ 3000 ಮೀಟರಿಗೆ ಬರಲಿದೆ. ಇಷ್ಟಕ್ಕೇ ಶೂ ಕಟ್ಟಬೇಕಾಗಿಲ್ಲ. ನಿಯಂತ್ರಿತ ವಲಯದ ನಿಲ್ದಾಣದಲ್ಲಿ ವಿಎಫ್‌ಆರ್‌ ಹಾರಾಟಕ್ಕೆ, ಅಂದರೆ ಹೊರಗೆ ಕಣ್ಣಿಟ್ಟು ಹಾರುವುದಕ್ಕೆ, ವಿಶೇಷ ಅನುಮತಿ ಇಲ್ಲದಿದ್ದರೆ, ನೆಲದ ಗೋಚರತೆ ಕನಿಷ್ಠ 5 ಕಿ.ಮೀ., ಸೀಲಿಂಗ್ ಕನಿಷ್ಠ 1500 ಅಡಿ ಬೇಕು. ಈ ಎರಡನೆಯ ಷರತ್ತನ್ನೇ ವಿದ್ಯಾರ್ಥಿಗಳು ಮರೆಯುವುದು.

ಮೂರು ಗಂಟೆ ಬಿಟ್ಟು, 9:30ಕ್ಕೆ:

```
METAR VOBL 120400Z 09006KT 6000 BKN008 20/18
Q1019 NOSIG
```

ಗೋಚರತೆ 6 ಕಿ.ಮೀ. ಕಿಟಕಿಯಿಂದ ನೋಡಿದರೆ ದೂರದ ಕಟ್ಟಡಗಳೂ ಕಾಣುತ್ತವೆ, ಮಂಜು ಕರಗಿತು ಅನ್ನಿಸುತ್ತದೆ. ನಿಜಕ್ಕೂ ಅದು ಪೂರ್ತಿ ಕರಗಿಲ್ಲ, ಮೇಲಕ್ಕೆದ್ದಿದೆ. ಬಿಸಿಲು ನೆಲವನ್ನು ಕಾಯಿಸಿದಾಗ ಮಂಜಿನ ಕೆಳಪದರ ಮೊದಲು ಆರುತ್ತದೆ. ಮೇಲಿನದು ತಗ್ಗಿನ ಮೋಡದ ಹಾಸಾಗಿ ಉಳಿಯುತ್ತದೆ. `BKN008` ಹೇಳುತ್ತಿರುವುದು ಅದನ್ನೇ: ಆಕಾಶದ ಎಂಟು ಪಾಲಿನಲ್ಲಿ ಐದರಿಂದ ಏಳು ಪಾಲು ಮೋಡ, ತಳ 800 ಅಡಿ. `FEW` ಒಂದೆರಡು ಪಾಲು, `SCT` ಮೂರು ನಾಲ್ಕು, `OVC` ಪೂರ್ತಿ. ಅರ್ಧಕ್ಕಿಂತ ಹೆಚ್ಚು ಮುಚ್ಚಿದ ಅತಿ ತಗ್ಗಿನ ಪದರವೇ ಸೀಲಿಂಗ್, ಆದ್ದರಿಂದ `BKN` ಮತ್ತು `OVC` ಮಾತ್ರ ಈ ಲೆಕ್ಕಕ್ಕೆ ಬರುತ್ತವೆ.

ಈ 800 ಅಡಿ ಸಮುದ್ರಮಟ್ಟದಿಂದಲ್ಲ, ನಿಲ್ದಾಣದ ನೆಲದಿಂದ. ದೇವನಹಳ್ಳಿಯ ನೆಲವೇ ಸುಮಾರು 3000 ಅಡಿ ಎತ್ತರದಲ್ಲಿದೆ. ಆಲ್ಟಿಮೀಟರಿನಲ್ಲಿ `Q1019`ರ 1019 ಇಟ್ಟರೆ ಮೋಡದ ತಳ ಮುಟ್ಟುವಾಗ ಮುಳ್ಳು 3800 ತೋರಿಸುತ್ತದೆ. ನೆಲದಿಂದ ಸಾವಿರ ಅಡಿಯ ಸಾಮಾನ್ಯ ಸರ್ಕಿಟ್ ಅಂದರೆ ಇಲ್ಲಿ 4000. ಡೌನ್‌ವಿಂಡ್‌ಗೆ ತಿರುಗುವ ಮೊದಲೇ ಮೋಡದೊಳಗೆ ಇರುತ್ತೀರಿ. ಕೊನೆಯ `NOSIG` ಇಲ್ಲಿ ಸಮಾಧಾನದ ಮಾತಲ್ಲ, ಮುಂದಿನ ಎರಡು ಗಂಟೆ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ ಎಂದಷ್ಟೇ ಅದರ ಅರ್ಥ. ಕೆಟ್ಟ ಹವೆಯ ಪಕ್ಕದಲ್ಲಿ ಬಂದರೆ ಕೆಟ್ಟದ್ದೇ ಮುಂದುವರಿಯುತ್ತದೆ ಎಂದು ಓದಿಕೊಳ್ಳಬೇಕು.

ಈಗ `20/18` ನೋಡಿ. ಮೊದಲನೆಯದು ಉಷ್ಣಾಂಶ, ಎರಡನೆಯದು ಇಬ್ಬನಿ ಬಿಂದು. ಬೆಳಿಗ್ಗೆ `17/17`, ಅಂತರವೇ ಇರಲಿಲ್ಲ, ಮೋಡ ನೆಲಕ್ಕೇ ಕೂತಿತ್ತು. ಈಗ ಅಂತರ 2 ಡಿಗ್ರಿ. ಪ್ರತಿ ಡಿಗ್ರಿಗೆ 400 ಅಡಿ ಎಂಬ ಅಂದಾಜು ಲೆಕ್ಕದಲ್ಲಿ 800 ಅಡಿ, ವರದಿಯ ಮೋಡದ ತಳಕ್ಕೆ ಸರಿ ಹೊಂದುತ್ತದೆ. ಎರಡೂ ಅಂಕಿ ಪೂರ್ಣ ಡಿಗ್ರಿಗೆ ಸುತ್ತಿಸಿದವು, ಹಾಗಾಗಿ ನಾನೂರು ಅಡಿ ಆಚೀಚೆ ಆಗಬಹುದು. ನೆಲದ ಗಾಳಿ ಕಾದು ಮೇಲೇರಿ ಬೆರೆಯುವ ಹೊತ್ತಿಗೆ ಮಾತ್ರ ಈ ಲೆಕ್ಕ, ಮುಂಗಾರಿನ ಪದರಪದರ ಮೋಡಕ್ಕೆ ಇದನ್ನು ಹಿಡಿದು ಹೋದರೆ ಮೋಸ ಹೋಗುತ್ತೀರಿ. ಆದರೂ ಸತತ ವರದಿಗಳಲ್ಲಿ ಈ ಅಂತರ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ನೋಡುವುದು ಒಂದೇ ವರದಿಯನ್ನು ಹತ್ತು ಸಲ ಓದುವುದಕ್ಕಿಂತ ಲೇಸು. ಸಂಜೆಯ ಹೊತ್ತು ಅಂತರ ಕುಗ್ಗುತ್ತ ಬಂದು, ಆಕಾಶ ನಿರ್ಮಲವಾಗಿ, ಗಾಳಿಯೂ ಕುಸಿದರೆ ಮರುದಿನ ಬೆಳಿಗ್ಗೆ ಮತ್ತೆ ಮಂಜನ್ನು ನಿರೀಕ್ಷಿಸಬಹುದು.

ಮಧ್ಯಾಹ್ನ 12ಕ್ಕೆ:

```
METAR VOBL 120630Z 10012G22KT 070V130 8000 SCT025
24/18 Q1018 NOSIG
```

ಅಂತರ 6 ಡಿಗ್ರಿ, ಲೆಕ್ಕಕ್ಕೆ 2400 ಅಡಿ. ವರದಿಯಲ್ಲಿ 2500. ಪದರ `SCT` ಆದ್ದರಿಂದ ಸೀಲಿಂಗೇ ಇಲ್ಲ. ಆದರೆ ಮೋಡದಿಂದ ಲಂಬವಾಗಿ ಸಾವಿರ ಅಡಿ ದೂರವಿರಬೇಕೆಂಬ ನಿಯಮ ಹೋಗಿಲ್ಲ, ಮೋಡದ ಕೆಳಗೆ ನಿಮಗೆ ಸಿಗುವುದು ನೆಲದಿಂದ 1500 ಅಡಿಯವರೆಗಷ್ಟೇ. ಸರ್ಕಿಟ್ಟಿಗೆ ಸಾಕು, ಸ್ಟಾಲ್ ಅಭ್ಯಾಸಕ್ಕೆ ಸಾಲದು. ಅಂದಹಾಗೆ, ಏಪ್ರಿಲ್ ಸಂಜೆಗಳಲ್ಲಿ `FEW030CB` ಕಂಡರೆ `FEW` ಎಂದು ಹಗುರ ಮಾಡಬೇಡಿ. ಆ `CB` ಗುಡುಗು ಮೋಡ, ಒಂದೇ ಇದ್ದರೂ ಸಾಕು.

ಇಂದಿನ ತಕರಾರು ಗಾಳಿಯದು. ಸರಾಸರಿ 12 ನಾಟ್, ಬೀಸು 22ರವರೆಗೆ. ಸರಾಸರಿಗಿಂತ 10 ನಾಟ್ ಅಥವಾ ಹೆಚ್ಚು ಮೀರಿದಾಗಲಷ್ಟೇ `G` ಬರುತ್ತದೆ. `070V130`: ದಿಕ್ಕು 70ರಿಂದ 130 ಡಿಗ್ರಿವರೆಗೆ ಓಲಾಡುತ್ತಿದೆ. ಅಡ್ಡಗಾಳಿಯನ್ನು ಸರಾಸರಿಯಲ್ಲಿ ಲೆಕ್ಕ ಹಾಕಿದರೆ ರನ್‌ವೇ 09ಕ್ಕೆ 10 ಡಿಗ್ರಿ ಓರೆ, 12 ನಾಟ್, ಅಡ್ಡಕ್ಕೆ ಬರುವುದು ಎರಡೇ ನಾಟ್. ಕೆಟ್ಟ ಕೊನೆ ಹಿಡಿಯಿರಿ: 130ರಿಂದ 22 ನಾಟ್, ಓರೆ 40 ಡಿಗ್ರಿ. ಗಡಿಯಾರದ ಸೂತ್ರದಲ್ಲಿ 40 ಡಿಗ್ರಿ ಅಂದರೆ 40 ನಿಮಿಷ, ಗಂಟೆಯ ಮೂರನೇ ಎರಡು ಪಾಲು. 22ರ ಮೂರನೇ ಎರಡು ಸುಮಾರು 15. ನಿಖರ ಲೆಕ್ಕದಲ್ಲಿ 14 ಬರುತ್ತದೆ, ತಪ್ಪು ಸುರಕ್ಷಿತ ಕಡೆಗೇ ಇದೆ.

ಸೆಸ್ನಾ 152ರ ಕೈಪಿಡಿಯಲ್ಲಿ ಹಾರಿಸಿ ತೋರಿಸಿದ ಅಡ್ಡಗಾಳಿ 12 ನಾಟ್, 172ರ ಎಸ್ ಮಾದರಿಯಲ್ಲಿ 15. ಹೊಸ ವಿದ್ಯಾರ್ಥಿಗೆ ಬೋಧಕರು ಹಾಕುವ ಮಿತಿ ಇವೆರಡಕ್ಕಿಂತಲೂ ಕಡಿಮೆ. ಹಾಗಾಗಿ ನಿಯಮದ ಪ್ರಕಾರ ಆಕಾಶ ತೆರೆದಿದ್ದರೂ ಇದು ಸೋಲೋ ಹೋಗುವ ಹೊತ್ತಲ್ಲ, ಬೋಧಕರ ಜೊತೆ ಅಡ್ಡಗಾಳಿಯಲ್ಲಿ ಇಳಿಯುವುದನ್ನು ಕಲಿಯುವ ಹೊತ್ತು. ಜಕ್ಕೂರಿನಲ್ಲಿ ಕಲಿಯುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಅಲ್ಲಿಯ ರನ್‌ವೇ 08, ಅದೇ ಗಾಳಿ ಅಲ್ಲಿ 50 ಡಿಗ್ರಿ ಓರೆಯಾಗಿ ಅಡ್ಡಗಾಳಿ 17 ನಾಟಿಗೆ ಏರುತ್ತದೆ. ಅದೂ ದೇವನಹಳ್ಳಿಯ ಗಾಳಿಯೇ ಜಕ್ಕೂರಿನಲ್ಲೂ ಬೀಸುತ್ತಿದೆ ಎಂದುಕೊಂಡರೆ. ವಿಂಡ್‌ಸಾಕ್ ಬೇರೆ ಹೇಳುತ್ತಿದ್ದರೆ ಅದರ ಮಾತೇ ಕೇಳಿ.