ಸಂಬಳ ಬರೆದೇ ಹಾಕಿದ ಜಾಹೀರಾತು

"ಅನುಭವಿ ಹೇರ್ ಸ್ಟೈಲಿಸ್ಟ್ ಬೇಕಾಗಿದ್ದಾರೆ. ಆಕರ್ಷಕ ಸಂಬಳ, ಇನ್ಸೆಂಟಿವ್. 200ರವರೆಗೂ ಗಳಿಸಿ." ನಮ್ಮ ಸಲೂನಿನ ಮಾಲಕಿ ಮೇಡಂ ಬರೆದುಕೊಂಡು ಬಂದಿದ್ದ ಜಾಹೀರಾತು ಇಷ್ಟೇ ಇತ್ತು. 200 ಅನ್ನೋದು ನಾನು ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ. ತಿಂಗಳ ಬೇಸಿಕ್ ಸಂಬಳ 100 ಅಂತ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಅದೇ ಅಳತೆಯಲ್ಲಿ.

ಇಂಥ ಜಾಹೀರಾತಿಗೆ ಯಾರು ಫೋನ್ ಮಾಡುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನೂ ಕುರ್ಚಿ ಹಿಂದೆ ನಿಂತು ಕತ್ತರಿ ಹಿಡಿದೇ ಫ್ಲೋರ್ ಮ್ಯಾನೇಜರ್ ಆದವಳು. ಮೊದಲ ಪ್ರಶ್ನೆ "ಸಂಬಳ ಎಷ್ಟು?" ಅಂತಲೇ ಇರುತ್ತದೆ. ಹೇಳಿದ ತಕ್ಷಣ ಅರ್ಧ ಜನ ಫೋನ್ ಇಡುತ್ತಾರೆ. ಆಗಷ್ಟೇ ಕೋರ್ಸ್ ಮುಗಿಸಿದವರು ಬರುತ್ತಾರೆ, ಯಾಕಂದ್ರೆ ಅನುಭವ ಅಂದ್ರೆ ಏನು ಅಂತ ನಾವೇ ಹೇಳಿರುವುದಿಲ್ಲ. ಒಳ್ಳೆಯ ಕೆಲಸ ಇರುವ ಸ್ಟೈಲಿಸ್ಟ್ ಮಾತ್ರ ಬರುವುದಿಲ್ಲ. ಅವರ ಅಪಾಯಿಂಟ್‌ಮೆಂಟ್ ಪುಸ್ತಕ ತುಂಬಿರುತ್ತದೆ. ಸುಮ್ನೆ ಕೇಳಿ ನೋಡೋಣ ಅಂತ ರಜೆ ಹಾಕಿ ಬರಲು ಅವರಿಗೇನು ಹುಚ್ಚೇ?

"ಮೇಡಂ, ಈ 200 ಯಾರಿಗೆ ಬಂದಿತ್ತು?" ಅಂತ ಕೇಳಿದೆ.

"ಯಾಕೆ, ಹಿಂದಿನ ಸೀನಿಯರ್‌ಗೆ ಸೀಸನ್‌ನಲ್ಲಿ ಬಂದಿತ್ತಲ್ಲ!"

ಬಂದಿತ್ತು, ಸುಳ್ಳಲ್ಲ. ಆದರೆ ಹೇಗೆ ಬಂತು ಅಂತ ನೋಡಬೇಕಿತ್ತು. ನಮ್ಮಲ್ಲಿ ತಿಂಗಳ ಟಾರ್ಗೆಟ್ ಬೇಸಿಕ್‌ನ ಮೂರು ಪಟ್ಟು, ಅಂದ್ರೆ 300. ಅದರ ಮೇಲೆ ಮಾಡಿದ ಬಿಲ್‌ಗೆ 20% ಕಮಿಷನ್. ಒಟ್ಟು 200 ಕೈಗೆ ಬರಬೇಕಾದರೆ ಕಮಿಷನ್ನೇ 100 ಆಗಬೇಕು. ಅದಕ್ಕೆ ಟಾರ್ಗೆಟ್ ಮೇಲೆ ಇನ್ನೂ 500 ಬಿಲ್ ಬೇಕು. ಒಟ್ಟು 800.

ಈಗ ಕುರ್ಚಿಯ ಲೆಕ್ಕ. ಕಟ್, ಕಲರ್, ಬ್ಲೋ ಡ್ರೈ ಎಲ್ಲ ಸೇರಿಸಿ ನಮ್ಮ ಸಲೂನಿನಲ್ಲಿ ಒಬ್ಬ ಸ್ಟೈಲಿಸ್ಟ್‌ನ ಒಂದು ಗಂಟೆಯ ಕೆಲಸಕ್ಕೆ ಸರಾಸರಿ 3ರಷ್ಟು ಬಿಲ್ ಆಗುತ್ತದೆ. ತಿಂಗಳಿಗೆ 26 ದಿನ, ದಿನಕ್ಕೆ ಆರು ಗಂಟೆ ಬುಕ್ ಆದರೆ ಅದು ಚೆನ್ನಾಗಿ ನಡೆಯುತ್ತಿರುವ ಕುರ್ಚಿ. ಹಾಗೆ ನಡೆದರೆ 468 ಬಿಲ್. ಟಾರ್ಗೆಟ್ ಕಳೆದು ಉಳಿದ 168ಕ್ಕೆ ಕಮಿಷನ್ ಸುಮಾರು 34. ಕೈಗೆ 134. 800 ಮಾಡಬೇಕು ಅಂದ್ರೆ ದಿನಕ್ಕೆ ಹತ್ತು ಗಂಟೆಗಿಂತ ಜಾಸ್ತಿ, ಒಂದು ನಿಮಿಷವೂ ಖಾಲಿ ಕೂರದೆ ಕೆಲಸ ಮಾಡಬೇಕು. ಸಲೂನ್ ತೆರೆದಿರುವುದೇ ಹತ್ತು ಗಂಟೆ!

ಹಾಗಾದರೆ ಆ ಸೀನಿಯರ್ ಹೇಗೆ ಮಾಡಿದರು? ಅವರಿಗೆ ಒಬ್ಬಳು ಅಸಿಸ್ಟೆಂಟ್ ಇದ್ದಳು. ಒಬ್ಬರ ತಲೆಗೆ ಕಲರ್ ಹಚ್ಚಿದರೆ ಅದು ಹಿಡಿಯಲು ಅರ್ಧ, ಮುಕ್ಕಾಲು ಗಂಟೆ ಬೇಕು. ಆ ಹೊತ್ತಿನಲ್ಲಿ ಅವರು ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರ ಕಟ್ ಮುಗಿಸುತ್ತಿದ್ದರು. ಕಲರ್ ತೊಳೆಯುವುದು, ಒಣಗಿಸುವುದು ಅಸಿಸ್ಟೆಂಟ್ ಪಾಲಿಗೆ. ಒಂದೇ ಗಂಟೆಗೆ ಇಬ್ಬರ ಬಿಲ್. ಜೊತೆಗೆ ಅವರು ಹಳೆಯ ಕ್ಲೈಂಟ್‌ಗಳನ್ನು ಕರೆದುಕೊಂಡೇ ಬಂದಿದ್ದವರು. ಈಗ ಅಸಿಸ್ಟೆಂಟ್ ಇಲ್ಲ. ಹೊಸಬರಿಗೆ ಸಿಗುವುದು ಬುಕ್ ಮಾಡದೆ ಬರುವ ವಾಕ್-ಇನ್ ಮಾತ್ರ. ಅಂಥವರ ಮುಂದೆ 200 ಅಂತ ತೋರಿಸಿದರೆ ಎರಡನೇ ಸಂಬಳದ ಹೊತ್ತಿಗೆ ಅವರು ಬೇರೆ ಕಡೆ ಕೆಲಸ ಹುಡುಕುತ್ತಿರುತ್ತಾರೆ.

ಮೇಡಂ ಬಾಯಿಬಿಟ್ಟು ಒಪ್ಪಲಿಲ್ಲ. ಆದರೆ ಬಿಲ್ಲಿಂಗ್ ಕಂಪ್ಯೂಟರ್ ತೆಗೆದುಕೊಟ್ಟರು. ಈಗಿರುವ ಸ್ಟೈಲಿಸ್ಟ್‌ಗಳ ಒಂದು ವರ್ಷದ ಬಿಲ್ ತೆಗೆದು ಇದೇ ಸೂತ್ರಕ್ಕೆ ಹಾಕಿ ನೋಡಿದೆವು. ತೀರಾ ಒಳ್ಳೆಯ ತಿಂಗಳನ್ನೂ ತೀರಾ ಕೆಟ್ಟ ತಿಂಗಳನ್ನೂ ಪಕ್ಕಕ್ಕಿಟ್ಟರೆ ಹೆಚ್ಚಿನವು 115ರಿಂದ 135ರ ಒಳಗೆ ಬಂದವು. ಹೊಸಬರು ಸೇರಿದ ಮೊದಲ ಮೂರು ತಿಂಗಳ ಬಿಲ್ ಮಾತ್ರ 300 ದಾಟಿರಲಿಲ್ಲ. ಅಂದ್ರೆ ಕಮಿಷನ್ ಸೊನ್ನೆ. ಜಾಹೀರಾತಿನಲ್ಲಿ ಯಾರೂ ಬರೆಯದ ಸಾಲು ಇದೇ ನೋಡಿ. ಕ್ಲೈಂಟ್ ಕಟ್ಟಿಕೊಳ್ಳುವ ಆ ತಿಂಗಳುಗಳಿಗೆ ಏನಾದರೂ ಕೊಡಲೇಬೇಕು ಅಂತ ಹಠ ಹಿಡಿದೆ. ಚೌಕಾಸಿ ಮಾಡಿ ಮೂರು ತಿಂಗಳಿಗೆ 110 ಗ್ಯಾರಂಟಿ ಅಂತ ಆಯಿತು.

ಇನ್ನೊಂದು ತಕರಾರು "ಬಿಲ್" ಅಂದ್ರೆ ಯಾವ ಬಿಲ್ ಅನ್ನುವುದರಲ್ಲಿ. ಅನುಭವಿಗಳು ಮೊದಲು ಕೇಳುವುದೇ ಇದನ್ನು. ಸಲೂನ್ 30% ಡಿಸ್ಕೌಂಟ್ ಕೊಟ್ಟರೆ ಸ್ಟೈಲಿಸ್ಟ್ ಅಷ್ಟೇ ಹೊತ್ತು ನಿಂತು ಕೆಲಸ ಮಾಡಿದರೂ ಅವರ ಬಿಲ್ ಕಡಿಮೆ ಬೀಳುತ್ತದೆ. ಕೆಲವು ಕಡೆ ಕಲರ್ ಟ್ಯೂಬಿನ ಖರ್ಚನ್ನೂ ಕಳೆದು ಕಮಿಷನ್ ಹಾಕುತ್ತಾರೆ. 20% ಅಂತ ಹೇಳಿ ಕೈಗೆ 14% ಸಿಗುವುದು ಹೀಗೆಯೇ. ಡಿಸ್ಕೌಂಟ್ ಸಲೂನಿನ ನಿರ್ಧಾರ, ಅದರ ಹೊರೆ ಸ್ಟೈಲಿಸ್ಟ್ ಮೇಲೆ ಬೇಡ ಅಂತ ನನ್ನ ವಾದ. ಮೇಡಂ ಅದಕ್ಕೆ ಒಪ್ಪಲಿಲ್ಲ. ಟ್ಯೂಬಿನ ಖರ್ಚು ಬಿಟ್ಟುಕೊಟ್ಟರು. ಸರಿ, ಇದ್ದದ್ದನ್ನು ಇದ್ದ ಹಾಗೆ ಬರೆಯೋಣ ಅಂದೆ.

ಹಾಕುವ ಮೊದಲು ಇನ್ನೊಂದು ಕೆಲಸ ಇತ್ತು. ನಮ್ಮಲ್ಲೇ ಇರುವ ಒಬ್ಬ ಹುಡುಗನ ಬೇಸಿಕ್ 90. ಹೊರಗಿನವರಿಗೆ 100 ಅಂತ ನಾವು ಹಾಕುವುದನ್ನು ಅವನೂ ಓದುತ್ತಾನಲ್ಲ! ಸಂಬಳ ಮುಚ್ಚಿಡುವ ಮಾಲೀಕರಲ್ಲಿ ಬಹಳ ಜನರ ನಿಜವಾದ ಭಯ ಇದೇ ಅಂತ ನನ್ನ ಅನಿಸಿಕೆ. ಹೊಸಬರು ಓಡಿಹೋಗುತ್ತಾರೆ ಅಂತಲ್ಲ, ಹಳಬರು ಕೇಳುತ್ತಾರೆ ಅಂತ. ಅವನ ಬೇಸಿಕ್ ಸರಿ ಮಾಡಿದ ಮೇಲೇ ಜಾಹೀರಾತು ಹೊರಗೆ ಹೋಯಿತು. ಅದು ಹೀಗಿತ್ತು:

"ಹೇರ್ ಸ್ಟೈಲಿಸ್ಟ್ ಬೇಕು. ಕುರ್ಚಿಯಲ್ಲಿ ಕನಿಷ್ಠ 4 ವರ್ಷ ಸ್ವತಂತ್ರವಾಗಿ ಕೆಲಸ ಮಾಡಿರಬೇಕು, ಅಸಿಸ್ಟೆಂಟ್ ಆಗಿದ್ದ ವರ್ಷ ಲೆಕ್ಕಕ್ಕಿಲ್ಲ. ಬೇಸಿಕ್ 100. ತಿಂಗಳ ಬಿಲ್ 300 ದಾಟಿದರೆ ಮೇಲಿನದ್ದಕ್ಕೆ 20%. ಬಿಲ್ ಅಂದರೆ ಡಿಸ್ಕೌಂಟ್ ಮತ್ತು ತೆರಿಗೆ ಕಳೆದು ಕ್ಲೈಂಟ್ ಕೊಟ್ಟ ಹಣ. ಕಲರ್ ಖರ್ಚು ಕಳೆಯುವುದಿಲ್ಲ. ಕಳೆದ ವರ್ಷದ ಬಿಲ್ ಪ್ರಕಾರ ಹೆಚ್ಚಿನ ತಿಂಗಳು ಕೈಗೆ ಬರುವುದು 115ರಿಂದ 135. ಮೊದಲ ಮೂರು ತಿಂಗಳು ವಾಕ್-ಇನ್ ಮಾತ್ರ, ಆಗ 110 ಗ್ಯಾರಂಟಿ. ಅಸಿಸ್ಟೆಂಟ್ ಇಲ್ಲ. ಟಿಪ್ಸ್ ಯಾರಿಗೆ ಕೊಟ್ಟರೋ ಅವರದ್ದೇ. ವಾರಕ್ಕೊಂದು ರಜೆ, ವಾರಾಂತ್ಯದಲ್ಲಿ ಇಲ್ಲ. ಬಾಂಡ್ ಇಲ್ಲ, ಸರ್ಟಿಫಿಕೇಟ್ ಇಟ್ಟುಕೊಳ್ಳುವುದಿಲ್ಲ. ಟ್ರಯಲ್ ಅರ್ಧ ದಿನ, ಅದಕ್ಕೆ ದುಡ್ಡು ಕೊಡುತ್ತೇವೆ."

ಕೆಳಗೆ ಎರಡು ವಿಷಯ ಕೇಳಿದ್ದೆವು. ಒಂದು, ನೇರವಾಗಿ ಒಣಗಿಸಿದ ಕೂದಲಿನ ಹಿಂಬದಿಯ ಫೋಟೋ, ಫಿಲ್ಟರ್ ಇಲ್ಲದೆ. ಎಲ್ಲರೂ ಕಳಿಸುವುದು ಗುಂಗುರು ಮಾಡಿ ಮುಗಿಸಿದ ಫೋಟೋ. ಗುಂಗುರಿನೊಳಗೆ ಏರುಪೇರಾದ ಲೇಯರ್ ಆರಾಮಾಗಿ ಅಡಗುತ್ತದೆ, ನೇರ ಕೂದಲಿನಲ್ಲಿ ಅಡಗುವುದಿಲ್ಲ. ಎರಡು, ಒಂದು ಪ್ರಶ್ನೆ: "ಎರಡು ವರ್ಷದಿಂದ ಮನೆಯಲ್ಲೇ ಕಪ್ಪು ಡೈ ಹಚ್ಚಿಕೊಳ್ಳುತ್ತಿರುವವರು ಬಂದು, ಇವತ್ತೇ ತಿಳಿ ಕಂದು ಬಣ್ಣ ಬೇಕು ಅಂತಾರೆ. ನೀವು ಏನು ಕೇಳುತ್ತೀರಿ, ಏನು ಮಾಡುತ್ತೀರಿ?"

ಈ ಪ್ರಶ್ನೆಯೇ ಜರಡಿ ಹಿಡಿಯಿತು. ಉತ್ತರ ಬರೆಯಲು ಬೇಜಾರಾದವರು ಅಲ್ಲೇ ಬಿಟ್ಟರು. ಒಬ್ಬರು "30 ವಾಲ್ಯೂಮ್ ಡೆವಲಪರ್‌ನಲ್ಲಿ ತಿಳಿ ಶೇಡ್ ಹಾಕಿ ಮಾಡಿಬಿಡ್ತೀನಿ" ಅಂತ ಬರೆದಿದ್ದರು. ಡೆವಲಪರ್ ಅಂದ್ರೆ ಡೈಗೆ ಬೆರೆಸುವ ಪೆರಾಕ್ಸೈಡ್. ಡೈ ಮೇಲೆ ಇನ್ನೊಂದು ಡೈ ಹಾಕಿದರೆ ಹಳೆಯ ಬಣ್ಣ ಎದ್ದು ಹೋಗುವುದಿಲ್ಲ. ಡೈ ತಾಗದ ಬುಡದ ಕೂದಲು ಮಾತ್ರ ತಿಳಿಯಾಗಿ ಕಿತ್ತಳೆ ತಿರುಗುತ್ತದೆ, ತುದಿ ಕಪ್ಪಾಗಿಯೇ ಉಳಿಯುತ್ತದೆ. ಕ್ಲೈಂಟ್ ಅಳುತ್ತಾ ಹೋಗುವುದು ಇಂಥ ದಿನವೇ.

ಕೊನೆಗೆ ನಾವು ತೆಗೆದುಕೊಂಡ ಹುಡುಗಿ ಬರೆದದ್ದು ಬೇರೆ ಥರ. "ಮೊದಲು ಮೆಹಂದಿ ಹಚ್ಚಿದ್ದೀರಾ ಅಂತ ಕೇಳ್ತೀನಿ. ಪ್ಯಾಕೆಟ್ ಮೆಹಂದಿಯಲ್ಲಿ ಲೋಹದ ಉಪ್ಪು ಇದ್ದರೆ ಡೆವಲಪರ್ ಜೊತೆ ಸೇರಿ ಕೂದಲು ಬಿಸಿಯಾಗಿ ಹಾಳಾಗಬಹುದು. ಅಲರ್ಜಿ ಆಗುತ್ತಾ ಅಂತ ನೋಡೋ ಪ್ಯಾಚ್ ಟೆಸ್ಟ್‌ಗೆ 48 ಗಂಟೆ ಬೇಕು, ಹಾಗಾಗಿ ಇವತ್ತೇ ಅನ್ನೋದು ಆಗಲ್ಲ. ಒಂದು ಎಳೆ ತೆಗೆದು ಸ್ಟ್ರ್ಯಾಂಡ್ ಟೆಸ್ಟ್ ಮಾಡಿ ಎಷ್ಟು ಬಣ್ಣ ಬಿಡುತ್ತೆ ನೋಡ್ತೀನಿ. ಒಂದಕ್ಕಿಂತ ಜಾಸ್ತಿ ಸಿಟ್ಟಿಂಗ್ ಆಗುತ್ತೆ, ಖರ್ಚೂ ಜಾಸ್ತಿ, ಅದನ್ನ ಮೊದಲೇ ಹೇಳ್ತೀನಿ." ಕೊನೆಯ ವಾಕ್ಯ ಓದಿ ಮೇಡಂ ಕಣ್ಣೆತ್ತಿ ನನ್ನ ಕಡೆ ನೋಡಿದರು.

ಬಂದ ಅರ್ಜಿಗಳು ಹಿಂದಿನಷ್ಟು ಇರಲಿಲ್ಲ. ಒಬ್ಬ ಒಳ್ಳೆಯ ಕಲರಿಸ್ಟ್ ಫೋನ್ ಮಾಡಿ, "ನನಗೆ ಈಗಲೇ 150 ಬರುತ್ತೆ, ನೀವು ಬರೆದದ್ದು ಒಳ್ಳೇದಾಯ್ತು, ಸುಮ್ನೆ ಅಲೆಯೋದು ತಪ್ಪಿತು" ಅಂದರು. ಕಳೆದುಕೊಂಡೆವಲ್ಲ ಅಂತ ಮೇಡಂ ಪೇಚಾಡಿದರು. ಅವರು ಬಂದಿದ್ದರೂ ನಾವು 150 ಕೊಡುತ್ತಿರಲಿಲ್ಲ, ಅಲ್ವಾ?

ಮೆಹಂದಿ ಉತ್ತರ ಬರೆದಿದ್ದ ಹುಡುಗಿಯಿಂದ ಟ್ರಯಲ್‌ನಲ್ಲಿ ಒಂದು ಸಮ ಅಂಚಿನ ಕಟ್ ಮತ್ತು ಬ್ಲೋ ಡ್ರೈ ಮಾಡಿಸಿದೆವು. ಮಾಡೆಲ್ ಆಗಿ ಕೂತಿದ್ದು ನಮ್ಮ ರಿಸೆಪ್ಷನ್ ಹುಡುಗಿ. ಬಂದವಳು ಕತ್ತರಿ ತೆಗೆಯುವ ಮೊದಲು, "ಅಕ್ಕಾ, ಕಾಲ ಮೇಲೆ ಕಾಲು ಹಾಕಬೇಡಿ, ಎರಡೂ ಪಾದ ಕೆಳಗಿಡಿ" ಅಂದಳು. ಕಾಲು ಹಾಕಿ ಕೂತರೆ ಸೊಂಟ ವಾಲಿ ಒಂದು ಭುಜ ಮೇಲೇರುತ್ತದೆ. ಕಟ್ ಸಮ ಬಂದಂತೆ ಕಂಡರೂ ಎದ್ದು ನಿಂತಾಗ ಒಂದು ಕಡೆ ಗಿಡ್ಡ ಆಗಿರುತ್ತದೆ. ಆಮೇಲೆ ಒಣಗಿಸಿದ ನಂತರ ಮತ್ತೆ ಬಾಚಿ, ಎರಡೂ ಕಡೆಯ ಎಳೆಗಳನ್ನು ಗದ್ದದ ಕೆಳಗೆ ಎಳೆದು ತಂದು ಅಳೆದಳು. ಎಡಗಡೆ ಒಂದು ಎಳೆ ಉದ್ದ ಇತ್ತು, ಕತ್ತರಿಸಿದಳು. ಅಷ್ಟು ಸಾಕಾಯಿತು ನನಗೆ.

ಮೊದಲ ತಿಂಗಳುಗಳು ಹಳೆಯ ಬಿಲ್‌ಗಳು ಹೇಳಿದಂತೆಯೇ ನಡೆದವು. ಬಿಲ್ 300ರ ಒಳಗೇ, ಕೈಗೆ 110. ಗ್ಯಾರಂಟಿ ಮುಗಿದ ನಾಲ್ಕನೇ ತಿಂಗಳು ಬಿಲ್ 340 ಆಯಿತು. ಕಮಿಷನ್ 8, ಒಟ್ಟು 108. ಕೆಲಸ ಜಾಸ್ತಿ ಮಾಡಿದರೂ ಸಂಬಳ 2 ಕಡಿಮೆ. ಜಗಳ ಆಗುತ್ತದೆ ಅಂತ ಮೇಡಂ ನನ್ನನ್ನೇ ಮುಂದೆ ಕಳಿಸಿದರು.

ಅವಳು ಸ್ಲಿಪ್ ಬರುವ ಮೊದಲೇ ಲೆಕ್ಕ ಹಾಕಿಕೊಂಡಿದ್ದಳು. "108 ತಾನೇ? ಅದು ಗೊತ್ತಿತ್ತು ಬಿಡಿ. ಆದರೆ ಒಂದು ಮಾತು. ಫೋನಲ್ಲಿ ಬರೋ ಕಲರ್ ಅಪಾಯಿಂಟ್‌ಮೆಂಟ್ ಎಲ್ಲಾ ಹಳಬರಿಗೇ ಹೋಗ್ತಿದೆ. ಹೆಸರು ಹೇಳದೆ ಬುಕ್ ಮಾಡೋರನ್ನಾದ್ರೂ ಸರದಿ ಪ್ರಕಾರ ಹಂಚಿ. ಇಲ್ಲಾಂದ್ರೆ ನೀವು ಬರೆದ 115 ನನಗೆ ಯಾವತ್ತೂ ಬರಲ್ಲ."

ನ್ಯಾಯವಾದ ಮಾತು. ಮುಂದಿನ ವಾರದಿಂದ ಹೆಸರಿಲ್ಲದ ಬುಕಿಂಗ್‌ಗೆ ಸರದಿ ಪಟ್ಟಿ ಮಾಡಿದೆವು. ಹಳಬರು ಗೊಣಗಿದರು, ಈಗಲೂ ಗೊಣಗುತ್ತಾರೆ. ಮುಂದಿನ ಸಲ ಆಳು ಬೇಕಾದಾಗ ಸರದಿಯ ಸಾಲನ್ನೂ ಜಾಹೀರಾತಿಗೆ ಸೇರಿಸಬೇಕು ಅಂತ ಬರೆದಿಟ್ಟುಕೊಂಡಿದ್ದೇನೆ. ಡಿಸ್ಕೌಂಟ್ ವಿಷಯದಲ್ಲಿ ಮೇಡಂ ಜೊತೆ ಚೌಕಾಸಿ ಇನ್ನೂ ನಡೆಯುತ್ತಿದೆ.