ಡಿಸೆಂಬರ್ 25 ಕದ್ದ ತಾರೀಖಲ್ಲ

“ಬೈಬಲ್‌ನಲ್ಲಿ ತಾರೀಖೇ ಇಲ್ಲ. ಕ್ರಿಸ್‌ಮಸ್ ರೋಮನ್ನರ ಸೂರ್ಯನ ಹಬ್ಬದಿಂದ ಕದ್ದಿದ್ದು, ಅಲ್ವಾ?”

ತಾರೀಖಿಲ್ಲ, ನಿಜ. ಯೇಸು ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಆದರೆ ‘ಕದ್ದಿದ್ದು’ ಅಂದಾಗ ನನಗೆ ಸಿಟ್ಟು ಬರುತ್ತದೆ. ಹಾಗನ್ನುವವರು ಸಾಕ್ಷಿ ಏನಿದೆ ಅಂತ ನೋಡಿರುವುದೇ ಇಲ್ಲ.

ಸಾಕ್ಷಿ ಇರುವುದು ರೋಮ್‌ನಲ್ಲಿ 354ರಲ್ಲಿ ತಯಾರಾದ, ಪಂಚಾಂಗದಂಥ ಒಂದು ಪುಸ್ತಕದಲ್ಲಿ. ಅದರಲ್ಲಿ ಡಿಸೆಂಬರ್ 25ರ ಎದುರು ‘ಅಜೇಯ’ನ ಹುಟ್ಟುಹಬ್ಬ, 30 ರಥದ ಓಟ ಅಂತಿದೆ. ಈ ಅಜೇಯ ಅಂದರೆ ಸೂರ್ಯ. ಅದೇ ಪುಸ್ತಕದ ಇನ್ನೊಂದು ಪಟ್ಟಿಯಲ್ಲಿ, ಅದೇ ತಾರೀಖಿಗೆ, ಯೂದಾಯದ ಬೆತ್ಲೆಹೇಮಿನಲ್ಲಿ ಕ್ರಿಸ್ತ ಹುಟ್ಟಿದ ಅಂತಿದೆ. ಈ ಪಟ್ಟಿ 336ರ ಹೊತ್ತಿಗೇ ಇತ್ತು ಅನ್ನುತ್ತಾರೆ ವಿದ್ವಾಂಸರು. ಆ ದಿನದ ಸೂರ್ಯನ ಹಬ್ಬಕ್ಕೂ ಇದಕ್ಕಿಂತ ಹಳೆಯ ಸ್ಪಷ್ಟ ದಾಖಲೆ ಇಲ್ಲ. ಹಾಗಿದ್ದಮೇಲೆ ಯಾರು ಯಾರಿಂದ ಕದ್ದರು?

ಇನ್ನೊಂದು ದಾರಿ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಸುಮಾರು 200ರಲ್ಲೇ ತೆರ್ತುಲ್ಲಿಯನ್ ಎಂಬ ಲೇಖಕ ಯೇಸು ಶಿಲುಬೆಗೇರಿದ್ದು ಮಾರ್ಚ್ 25ರಂದು ಅಂತ ಬರೆದಿದ್ದ. ತಾಯಿಯ ಗರ್ಭಕ್ಕೆ ಬಂದದ್ದೂ ಅದೇ ತಾರೀಖಿಗೆ ಎಂಬ ನಂಬಿಕೆ ಆಮೇಲೆ ಬೆಳೆಯಿತು. ಸಂತ ಅಗಸ್ಟೀನರು ಅದನ್ನೇ ಬರೆದಿದ್ದಾರೆ. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ, ಡಿಸೆಂಬರ್ 25 ಬರುತ್ತದೆ. ಪೂರ್ವದ ಕೆಲವರು ಶಿಲುಬೆಯ ದಿನವನ್ನು ಏಪ್ರಿಲ್ 6 ಅಂತ ಹಿಡಿದಿದ್ದರು. ಅಲ್ಲಿಂದ ಎಣಿಸಿದರೆ ಜನವರಿ 6. ಅರ್ಮೇನಿಯಾದ ಸಭೆ ಇಂದಿಗೂ ಕ್ರಿಸ್ತನ ಜನನವನ್ನು ಆಚರಿಸುವುದು ಅವತ್ತೇ. ಎರಡು ತಾರೀಖಿಗೂ ಒಂದೇ ಲೆಕ್ಕ ಹೊಂದುತ್ತದೆ. ಬರೀ ಸೂರ್ಯನ ಹಬ್ಬದಿಂದ ಇದನ್ನು ವಿವರಿಸಲು ಆಗುವುದಿಲ್ಲ.

ಹಾಗಂತ ಸೂರ್ಯನನ್ನು ಪೂರ್ತಿ ಬಿಡುವಂತೆಯೂ ಇಲ್ಲ. ರೋಮನ್ನರ ರೂಢಿಯಲ್ಲಿ ಮಾರ್ಚ್ 25 ಹಗಲು ರಾತ್ರಿ ಸಮವಾಗುವ ದಿನ, ಡಿಸೆಂಬರ್ 25 ಅತಿ ಚಿಕ್ಕ ಹಗಲಿನ ದಿನ. ವಾದ ಇನ್ನೂ ಮುಗಿದಿಲ್ಲ.

ಇಷ್ಟೆಲ್ಲ ಕೇಳುವವರು, ಆ ದಿನಕ್ಕೆ ನೀವು ಹೇಗೆ ತಯಾರಾಗುತ್ತೀರಿ ಅಂತ ಮಾತ್ರ ಕೇಳುವುದಿಲ್ಲ. ನನಗೆ ಬೇಕಾದ ಪ್ರಶ್ನೆ ಅದು. ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಆಗಮನ ಕಾಲ ಶುರುವಾಗುತ್ತದೆ. ಗುರುಗಳು ನೇರಳೆ ಬಣ್ಣದ ಉಡುಪು ಹಾಕುತ್ತಾರೆ. ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವುದಿಲ್ಲ. ಮೊದಲ ಭಾನುವಾರದ ಶುಭಸಂದೇಶದಲ್ಲಿ ಮಗುವಿನ ಸುದ್ದಿಯೇ ಇಲ್ಲ. ಕ್ರಿಸ್ತ ಮತ್ತೆ ಬರುತ್ತಾನೆ, ಎಚ್ಚರವಾಗಿರಿ ಅಂತಷ್ಟೇ. ಎರಡನೆಯ, ಮೂರನೆಯ ವಾರ ಸ್ನಾನಿಕ ಯೊವಾನ್ನ ಬಂದು ದಾರಿ ಸರಿಮಾಡಿ ಅನ್ನುತ್ತಾನೆ. ಮರಿಯಳ, ಜೋಸೆಫನ ಕಥೆ ಸಿಗುವುದು ನಾಲ್ಕನೆಯ ಭಾನುವಾರ. ಮೊದಲು ನಿಮ್ಮ ಬದುಕು ನೋಡಿಕೊಳ್ಳಿ, ಆಮೇಲೆ ತೊಟ್ಟಿಲು. ಈ ಕ್ರಮ ನನಗೆ ತುಂಬಾ ಇಷ್ಟ.

ನಾಲ್ಕು ವಾರ ಅನ್ನುತ್ತೇವೆ, ಆದರೆ ಪೂರ್ತಿ ನಾಲ್ಕು ಯಾವಾಗಲೂ ಸಿಗುವುದಿಲ್ಲ. 2022ರಲ್ಲಿ ಕ್ರಿಸ್‌ಮಸ್ ಭಾನುವಾರ ಬಂತು, 28 ದಿನ ಸಿಕ್ಕಿತು. 2023ರಲ್ಲಿ ಸೋಮವಾರ, 22 ದಿನ ಮಾತ್ರ. ಆ ವರ್ಷ 24ರ ಬೆಳಿಗ್ಗೆ, ಭಾನುವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳಲ್ಲಿ ನಾಲ್ಕನೆಯದನ್ನು ಹಚ್ಚಿದೆವು, ಅದೇ ಸಂಜೆ ಹಬ್ಬದ ಪೂಜೆ. ತಯಾರಿ ಕೊನೆಗೆ ಮಾಡೋಣ ಅಂದುಕೊಂಡವರಿಗೆ ಆ ಸಲ ಕೊನೆಯ ವಾರವೇ ಸಿಗಲಿಲ್ಲ.