ಬೋಳು ಆಕಾಶಕ್ಕೆ ಹಕ್ಕಿ ಸೇರಿಸುವಾಗ ಮೊದಲು ದೂರ ಗೊತ್ತುಮಾಡಿಕೊಳ್ಳಿ

ಅಂಧೇರಿಯಲ್ಲಿ ನಮ್ಮದು ಚಿತ್ರ ತಿದ್ದುವ ಚಿಕ್ಕ ಸ್ಟುಡಿಯೊ. ಮಾಟುಂಗಾದಲ್ಲಿ ಹೋಟೆಲ್ ನಡೆಸುವ ಕುಂದಾಪುರ ಕಡೆಯ ಮಾಲೀಕರೊಬ್ಬರು ಮರೀನ್ ಡ್ರೈವ್‌ನ ಒಂದು ಫೋಟೊ ತಂದುಕೊಟ್ಟರು. ಜನವರಿಯ ಸಂಜೆ, ನಾರಿಮನ್ ಪಾಯಿಂಟ್ ಕಡೆಯಿಂದ ಮಲಬಾರ್ ಹಿಲ್ ಕಡೆಗೆ ತೆಗೆದದ್ದು. ಅದನ್ನು ಹತ್ತು ಅಡಿ ಅಗಲಕ್ಕೆ ಮುದ್ರಿಸಿ ಗೋಡೆಗೆ ಹಾಕಬೇಕಾಗಿತ್ತು. "ಆಕಾಶ ತೀರಾ ಬೋಳಾಗಿ ಕಾಣುತ್ತದೆ ಮಾರಾಯರೇ, ನಾಲ್ಕು ಹಕ್ಕಿ ಹಾರಿಸಿ ಕೊಡಿ" ಎಂದರು.

ಕೆಲಸವನ್ನು ಮೊದಲು ಹಿಡಿದದ್ದು ನಮ್ಮಲ್ಲಿ ಹೊಸದಾಗಿ ಸೇರಿದ ಧಾರವಾಡದ ಹುಡುಗ. ಶ್ರದ್ಧೆಯಿಂದಲೇ ಮಾಡಿದ್ದ. ಒಂದೇ ಹಕ್ಕಿಯನ್ನು ನಕಲು ಮಾಡಿರಲಿಲ್ಲ, ಸಾಲಾಗಿ ಜೋಡಿಸಿರಲಿಲ್ಲ, ಗಾತ್ರಗಳನ್ನೂ ಬೇರೆ ಬೇರೆ ಇಟ್ಟಿದ್ದ. "ಅಣ್ಣಾ, ಎಲ್ಲ ಸರಿ ಮಾಡಿದ್ದೇನೆ, ಆದರೂ ಅಂಟಿಸಿದ ಹಾಗೆ ಕಾಣುತ್ತದೆ. ಯಾಕೆ?" ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅದು.

ಕಾರಣ ಅವನು ಹೆಮ್ಮೆಪಟ್ಟ ಆ ಬೇರೆ ಬೇರೆ ಗಾತ್ರಗಳಲ್ಲೇ ಇತ್ತು. ಒಂದೇ ಹಿಂಡಿನೊಳಗೆ 60 ಪಿಕ್ಸೆಲ್ ಅಗಲದ ಹಕ್ಕಿಯ ಪಕ್ಕದಲ್ಲೇ 20 ಪಿಕ್ಸೆಲ್‌ನ ಹಕ್ಕಿ. ಒಂದೇ ಜಾತಿಯ, ಒಂದೇ ಭಂಗಿಯ ಎರಡು ಹಕ್ಕಿಗಳಲ್ಲಿ ಒಂದು ಇನ್ನೊಂದರ ಮೂರು ಪಟ್ಟು ಕಾಣಬೇಕಾದರೆ ಚಿಕ್ಕದು ನಮ್ಮಿಂದ ಮೂರು ಪಟ್ಟು ದೂರದಲ್ಲಿರಬೇಕು. ಹಾಗಿದ್ದರೆ ಅವೆರಡು ಒಟ್ಟಿಗೆ ಹಾರುತ್ತಿಲ್ಲ ಎಂದಾಯಿತು. ನೋಡುವವರಿಗೆ ಈ ಲೆಕ್ಕ ಗೊತ್ತಿರಬೇಕಾಗಿಲ್ಲ, ಕಣ್ಣು ತಾನಾಗಿಯೇ ಹಿಂಡನ್ನು ಒಡೆದುಬಿಡುತ್ತದೆ.

ಆದ್ದರಿಂದ ನಾನು ಗಾತ್ರದಿಂದ ಶುರುಮಾಡುವುದಿಲ್ಲ. ಪ್ರತಿ ಹಿಂಡಿಗೂ ಮೀಟರಿನಲ್ಲಿ ಒಂದು ದೂರ ಕೊಡುತ್ತೇನೆ. ಗಾತ್ರ, ಮಸುಕು, ಬಣ್ಣ ಎಲ್ಲವೂ ಆ ಒಂದು ಸಂಖ್ಯೆಯಿಂದ ಇಳಿದು ಬರುತ್ತವೆ.

ಈ ಫೋಟೊವನ್ನೇ ತೆಗೆದುಕೊಳ್ಳಿ. ಫುಲ್ ಫ್ರೇಮ್ ಕ್ಯಾಮೆರಾ, 35 ಎಂಎಂ ಲೆನ್ಸ್, ಚಿತ್ರದ ಅಗಲ 6000 ಪಿಕ್ಸೆಲ್. ಸೆನ್ಸರ್ 36 ಮಿಲಿಮೀಟರ್ ಅಗಲವಿರುವುದರಿಂದ ಒಂದು ಪಿಕ್ಸೆಲ್‌ಗೆ 0.006 ಮಿಲಿಮೀಟರ್ ಬರುತ್ತದೆ. ಲೆನ್ಸಿನ 35ನ್ನು ಇದರಿಂದ ಭಾಗಿಸಿದರೆ ಸುಮಾರು 5800. ಈ 5800ನ್ನು ದೂರದಿಂದ ಭಾಗಿಸಿದರೆ, ಆ ದೂರದಲ್ಲಿ ಒಂದು ಮೀಟರ್ ವಸ್ತು ಎಷ್ಟು ಪಿಕ್ಸೆಲ್ ಎಂಬುದು ಸಿಗುತ್ತದೆ. 100 ಮೀಟರಿಗೆ 58, 200 ಮೀಟರಿಗೆ 29. ಫೈಲಿನ ಜೊತೆ ಬರುವ ಮಾಹಿತಿಯಲ್ಲಿ ಲೆನ್ಸ್ ಮತ್ತು ಶಟರ್ ಎರಡೂ ಬರೆದಿರುತ್ತವೆ. ಅಂಚು ಕತ್ತರಿಸಿದ ಫೋಟೊ ಆದರೆ ಮೂಲ ಅಗಲವನ್ನು ಕೇಳಿ ತಿಳಿದುಕೊಳ್ಳಬೇಕು.

ಯಾವ ಹಕ್ಕಿ? ಜನವರಿಯ ಮುಂಬೈ ಕಡಲೆಂದರೆ ಸೀಗಲ್ ಸಹಜ. ಚಳಿಗಾಲಕ್ಕೆ ವಲಸೆ ಬಂದು ಬೇಸಿಗೆ ಏರುವಾಗ ಹೊರಟುಹೋಗುವ ಹಕ್ಕಿ ಅದು, ಮಳೆಗಾಲದ ಚಿತ್ರವಾಗಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಇಲ್ಲಿ ಕಾಣುವ ಕಂದು ತಲೆಯ ಸೀಗಲ್‌ನ ರೆಕ್ಕೆಯ ಹರವು ಸುಮಾರು 1.1 ಮೀಟರ್, ಕೊಕ್ಕಿನಿಂದ ಬಾಲದವರೆಗೆ 42 ಸೆಂಟಿಮೀಟರ್. 200 ಮೀಟರ್ ದೂರದಲ್ಲಿ ರೆಕ್ಕೆ ಪೂರ್ತಿ ಚಾಚಿ ನಮ್ಮ ಕಡೆ ಬರುವ ಹಕ್ಕಿ 32 ಪಿಕ್ಸೆಲ್, ಅಡ್ಡವಾಗಿ ಹಾರುವ ಹಕ್ಕಿಯ ಮೈ 12 ಪಿಕ್ಸೆಲ್ ಮಾತ್ರ. ಹಿಂಡು ಹಿಂದೆಮುಂದೆ 20 ಮೀಟರ್ ಹರಡಿದೆ ಎಂದುಕೊಂಡರೂ ಹತ್ತಿರದ್ದು 34, ದೂರದ್ದು 31. ಹಿಂಡಿನೊಳಗೆ ದೂರದಿಂದ ಬರುವ ವ್ಯತ್ಯಾಸ ಅಷ್ಟೇ. ಅಲ್ಲಿ ವೈವಿಧ್ಯ ತರುವುದು ಭಂಗಿ: ಒಂದರ ರೆಕ್ಕೆ ಮೇಲೆ, ಒಂದರದ್ದು ಕೆಳಗೆ, ಇನ್ನೊಂದು ಚಾಚಿಕೊಂಡು ತೇಲುತ್ತಿದೆ, ಮತ್ತೊಂದು ಸ್ವಲ್ಪ ಓರೆಯಾಗಿದೆ. ದೊಡ್ಡ ವ್ಯತ್ಯಾಸ ಒಂದು ಹಿಂಡಿಗೂ ಇನ್ನೊಂದಕ್ಕೂ ನಡುವೆ ಇರಬೇಕು. ಈ ಚಿತ್ರದಲ್ಲಿ ಮುಖ್ಯ ಹಿಂಡನ್ನು 200 ಮೀಟರಿಗೆ, ಚದುರಿದ ಕೆಲವನ್ನು 400ಕ್ಕೆ, ಎರಡೇ ಎರಡನ್ನು 100ಕ್ಕೆ ಇಟ್ಟೆವು.

ಜೋಡಣೆಗೆ ಹಕ್ಕಿಯ ಚಿತ್ರ ಬೇಡ, ಖಾಲಿ ಲೇಯರ್ ಮೇಲೆ ಬರೀ ಚುಕ್ಕೆಗಳನ್ನು ಇಡಿ. ಸೀಗಲ್‌ಗಳ ಹಿಂಡು ಸಡಿಲ. ಎರಡು ಮೂರು ಒತ್ತಾಗಿ, ಆಮೇಲೆ ಒಂದು ದೊಡ್ಡ ಖಾಲಿ, ಹಿಂದೆ ಉಳಿದ ಒಂದು. ಒಂದರ ಮೇಲೊಂದು ಅರ್ಧ ಬಂದರೂ ಒಳ್ಳೆಯದೇ. ಹೊಸಬರು ಅದನ್ನು ತಪ್ಪದೆ ಬಿಡಿಸಿಡುತ್ತಾರೆ, ಚಿತ್ರ ಅಲ್ಲಿಗೆ ರಂಗೋಲಿಯ ಚುಕ್ಕೆಯಂತಾಗುತ್ತದೆ. ಸಂಜೆ ಗೂಡಿಗೆ ಮರಳುವ ಬೆಳ್ಳಕ್ಕಿಯಾದರೆ ಉದ್ದನೆಯ ಸಾಲು ಸರಿ, ಹದ್ದಾದರೆ ಬೇರೆ ಬೇರೆ ಎತ್ತರದಲ್ಲಿ ಸುತ್ತು ಹಾಕುವ ಬಿಡಿ ಹಕ್ಕಿಗಳು ಸರಿ. ಗುಂಪಿನ ಆಕಾರವೇ ಜಾತಿಯನ್ನು ಹೇಳುತ್ತದೆ.

ಇನ್ನು ಮಸುಕು. ಹೆಚ್ಚು ಕೆಡುವುದು ಇಲ್ಲೇ. ಫೋಟೊದ ಶಟರ್ 1/125 ಸೆಕೆಂಡ್. ಸೀಗಲ್ ಸೆಕೆಂಡಿಗೆ ಹತ್ತು ಮೀಟರ್ ಹಾರುತ್ತದೆ ಎಂದಿಟ್ಟುಕೊಂಡರೆ ಶಟರ್ ತೆರೆದಿರುವಾಗ 8 ಸೆಂಟಿಮೀಟರ್ ಸಾಗುತ್ತದೆ. 100 ಮೀಟರಿನಲ್ಲಿ ಇದು 5 ಪಿಕ್ಸೆಲ್‌ಗಿಂತ ತುಸು ಕಡಿಮೆ, 200ರಲ್ಲಿ ಎರಡಕ್ಕಿಂತ ತುಸು ಹೆಚ್ಚು, 400ರಲ್ಲಿ ಒಂದು. ದೂರ ಎಷ್ಟೇ ಇರಲಿ, ಅಡ್ಡ ಹಾರುವ ಹಕ್ಕಿಯ ಮಸುಕು ಅದರ ಮೈಯುದ್ದದ ಐದನೇ ಒಂದು ಭಾಗ. ನಮ್ಮ ಕಡೆಗೇ ಬರುತ್ತಿದ್ದರೆ ಮೈಗೆ ಮಸುಕೇ ಇಲ್ಲ.

ಫೋಟೊಶಾಪ್‌ನಲ್ಲಿ ಒಂದು ತೊಡಕು ಇದೆ. ಹಕ್ಕಿಯನ್ನು Smart Object ಮಾಡಿ Motion Blur ಹಾಕಿ ಆಮೇಲೆ ಚಿಕ್ಕದು ಮಾಡಿದರೆ ಹಕ್ಕಿ ಮಾತ್ರ ಚಿಕ್ಕದಾಗುತ್ತದೆ, ಮಸುಕಿನ ಉದ್ದವನ್ನು ಹೇಳುವ Distance ಅಷ್ಟೇ ಉಳಿಯುತ್ತದೆ. 100 ಮೀಟರಿನ ಹಕ್ಕಿಯನ್ನು ನಕಲು ಮಾಡಿ 400 ಮೀಟರಿನ ಗಾತ್ರಕ್ಕೆ ಇಳಿಸಿದರೆ 6 ಪಿಕ್ಸೆಲ್ ಮೈಗೆ 5 ಪಿಕ್ಸೆಲ್ ಮಸುಕು ಅಂಟಿಕೊಂಡು ಲೆನ್ಸಿನ ಮೇಲಿನ ಕೊಳೆಯಂತೆ ಕಾಣುತ್ತದೆ. ಗಾತ್ರ ಮುಗಿದ ಮೇಲೆ ಪ್ರತಿ ಹಿಂಡಿಗೂ Distance ಬೇರೆಯಾಗಿ ಕೊಡಿ, Angle ಅನ್ನು ಆಯಾ ಹಕ್ಕಿ ಹಾರುವ ದಿಕ್ಕಿಗೆ ತಿರುಗಿಸಿ.

ರೆಕ್ಕೆಯ ತುದಿಗೆ ಇನ್ನೊಂದಿಷ್ಟು ಮಸುಕು ಬೇಕು, ಎಲ್ಲಕ್ಕೂ ಅಲ್ಲ. ಬಡಿತದ ಮೇಲ್ತುದಿ, ಕೆಳತುದಿಗಳಲ್ಲಿ ರೆಕ್ಕೆ ಕ್ಷಣ ನಿಂತು ತಿರುಗುತ್ತದೆ, ಅಲ್ಲಿ ತುದಿ ಚೂಪಾಗಿಯೇ ಇರಬೇಕು. ನಡುಬಡಿತದಲ್ಲಿರುವ ರೆಕ್ಕೆಗೆ ಮಾತ್ರ ಮೇಲೆ ಕೆಳಗಿನ ದಿಕ್ಕಿನಲ್ಲಿ Path Blur ಹಾಕಿ. ಅದೂ 100 ಮೀಟರಿನ ಎರಡಕ್ಕೆ ಸಾಕು. ಈ ಮುದ್ರಣದಲ್ಲಿ ಎರಡು ಪಿಕ್ಸೆಲ್ ಗೋಡೆಯ ಮೇಲೆ ಒಂದು ಮಿಲಿಮೀಟರ್ ಆಗುತ್ತದೆ, ಹಿಂದಿನ ಹಿಂಡಿನಲ್ಲಿ ಈ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಕ್ಕಿಗಳನ್ನು ನಾವು ಗೇಟ್‌ವೇಯಿಂದ ಹೊರಡುವ ದೋಣಿಯಲ್ಲಿ ತೆಗೆದಿಟ್ಟುಕೊಂಡ ಫೋಟೊಗಳಿಂದ ಆಯ್ದೆವು. ಚಳಿಗಾಲದಲ್ಲಿ ಸೀಗಲ್‌ಗಳು ದೋಣಿಯ ಬೆನ್ನು ಹತ್ತುತ್ತವೆ, ವೇಗದ ಶಟರ್‌ನಲ್ಲಿ ಚೂಪಾಗಿ ಸಿಗುತ್ತವೆ. ಆದರೆ ಅಲ್ಲಿ ಅವು ಕಣ್ಣಿನ ಮಟ್ಟದಲ್ಲಿ, ಕೆಲವೊಮ್ಮೆ ಕೆಳಗೂ ಹಾರುತ್ತವೆ. ಬೆನ್ನು ಕಾಣುವ ಹಕ್ಕಿಯನ್ನು ದಿಗಂತಕ್ಕಿಂತ ಬಹಳ ಮೇಲೆ ಇಟ್ಟರೆ ತಪ್ಪು, ಅಲ್ಲಿ ಹೊಟ್ಟೆಯೇ ಕಾಣಬೇಕು. ವೈವಿಧ್ಯಕ್ಕೆಂದು ಎಡಬಲ ಮಗುಚಿದರೂ ಜಾಗ್ರತೆ: ಈ ಚಿತ್ರದಲ್ಲಿ ಸಂಜೆಬಿಸಿಲು ಎಡದಿಂದ ಬರುತ್ತದೆ, ಮಗುಚಿದ ಹಕ್ಕಿಗೆ ಬೆಳಕು ಬಲಕ್ಕೆ ಹೋಗಿಬಿಡುತ್ತದೆ. ಕೊನೆಗೆ ದೂರದ ಹಿಂಡಿನ ಕಪ್ಪನ್ನು ಆಕಾಶದ ಬಣ್ಣದತ್ತ ತಿಳಿಗೊಳಿಸಿ, ಆಕಾಶದಲ್ಲಿರುವಷ್ಟೇ ತರಿ ಹಕ್ಕಿಗೂ Add Noise ಮೂಲಕ ಕೊಟ್ಟೆವು. ತರಿಯನ್ನು ಮಸುಕಿಗಿಂತ ಮೊದಲು ಹಾಕಿದರೆ ಅದೂ ಅಳಿಸಿಹೋಗುತ್ತದೆ.

ಅದೇ ಮಾಲೀಕರು ಕಡಲು ಹಾಲಿನಂತೆ ನಯವಾಗಿ ಕಾಣುವ ಇನ್ನೊಂದು ಫೋಟೊವನ್ನೂ ತಂದಿದ್ದರು. ಅದರ ಶಟರ್ ನಾಲ್ಕು ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಸೀಗಲ್ ನಲವತ್ತು ಮೀಟರ್ ಸಾಗಿರುತ್ತದೆ, ಚಿತ್ರದಲ್ಲಿ ಅದರ ಗುರುತೂ ಉಳಿಯುವುದಿಲ್ಲ. ಲೆಕ್ಕವನ್ನು ಅವರ ಮುಂದೆಯೇ ಕಾಗದದ ಮೇಲೆ ಹಾಕಿ ತೋರಿಸಿದೆವು. ಆ ಆಕಾಶವನ್ನು ಬೋಳಾಗಿಯೇ ಮುದ್ರಿಸಲು ಅವರು ಒಪ್ಪಿದರು.